ಒಂದು ಟಿಕ್ ತೆಗೆದು ಕಲಿತ ನ್ಯಾಟ್: ಇಂಟರ್‌ವ್ಯೂ ಗೆದ್ದ ನನ್ನ ಅನುಭವ

ಮೂರು ಇಂಟರ್‌ವ್ಯೂ ಸೋತು, ನಾಲ್ಕನೆಯದರಲ್ಲಿ ನೆಟ್‌ವರ್ಕ್ ಸಪೋರ್ಟ್ ಕೆಲಸ ಸಿಕ್ಕಿತು. ಅಷ್ಟರಲ್ಲಿ ಕೋರ್ಸಿಗೆ 18,000, ಹಾಸನದಿಂದ ಬೆಂಗಳೂರಿಗೆ ಓಡಾಡಿದ್ದಕ್ಕೆ ಮೂರೋ ನಾಲ್ಕೋ ಸಾವಿರ ಕೈಬಿಟ್ಟಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಬಿ.ಎಂ. ರಸ್ತೆಯ ಅಂಗಡಿಯಲ್ಲಿ ಸುಮಾರು 600 ರೂಪಾಯಿಗೆ ತಂದ ಹಳೇ ರೌಟರ್. "ಪ್ರಶ್ನೋತ್ತರ ಓದೋದು ಬಿಟ್ಟು ಡಬ್ಬ ಬಿಚ್ಚಿಕೊಂಡು ಕೂತಿದ್ದೀಯಲ್ಲೋ" ಅಂತ ಭಾವ ಬೈದಿದ್ದರು.

ಮೂರನೇ ಸಲ ಸೋತದ್ದು ಈ ಪ್ರಶ್ನೆಗೆ: "ಒಂದರ ಹಿಂದೆ ಒಂದು ಎರಡು ರೌಟರ್ ಇವೆ. ಒಳಗಿನದರಲ್ಲಿ ನ್ಯಾಟ್ ಆಫ್ ಮಾಡಿದರೆ ಏನಾಗುತ್ತೆ?" ನ್ಯಾಟ್ ಅಂದರೆ ಒಳಗಿನ ಲ್ಯಾಪ್‌ಟಾಪಿನ ವಿಳಾಸದ ಬದಲು ರೌಟರ್ ತನ್ನದೇ ವಿಳಾಸ ಹಾಕಿ ಪ್ಯಾಕೆಟ್ ಹೊರಗೆ ಕಳಿಸೋದು. ಪ್ರೈವೇಟ್ ಐಪಿ ಇಂಟರ್ನೆಟ್‌ನಲ್ಲಿ ನಡೆಯಲ್ಲ ಸರ್ ಅಂದೆ. "ಹೊರಗಿನ ರೌಟರ್ ನ್ಯಾಟ್ ಮಾಡ್ತಾನೇ ಇದೆಯಲ್ಲ, ಮತ್ಯಾಕೆ ನಿಲ್ಲಬೇಕು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದು ಅದನ್ನೇ ಕಟ್ಟಿದೆ. ಹಳೇ ರೌಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಉಚಿತ ರೌಟರ್ ಸಾಫ್ಟ್‌ವೇರ್ ಹಾಕಿ, ಹೊರಗಿನ ಲೈನ್ ಬರುವ ಅದರ ವ್ಯಾನ್ ಪೋರ್ಟನ್ನು ಮನೆಯ ರೌಟರ್‌ಗೆ ಸಿಕ್ಕಿಸಿದೆ. ಮೊದಲ ದಿನ ಎರಡೂ ಕಡೆ 192.168.1.x ಇದ್ದು ಏನೂ ನಡೆಯಲಿಲ್ಲ. ಒಳಗಿನದನ್ನು 192.168.50.1 ಮಾಡಿದ ಮೇಲೆ ಸರಿಹೋಯಿತು. ಅದಕ್ಕೆ ಹೊರಗಡೆ 192.168.1.20 ಸಿಕ್ಕಿತ್ತು. ನನ್ನ ಲ್ಯಾಪ್‌ಟಾಪ್ ಒಳಗೆ, ತಮ್ಮನದು ಹೊರಗೆ, 192.168.1.35ರಲ್ಲಿ. ಅವನದರಲ್ಲಿ ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸೋ ವೈರ್‌ಶಾರ್ಕ್ ಓಡುತ್ತಿತ್ತು.

ಒಳಗಿಂದ ತಮ್ಮನಿಗೆ ಪಿಂಗ್ ಕೊಟ್ಟರೆ, ಅವನ ಪರದೆಯಲ್ಲಿ ಕಳಿಸಿದವರ ಜಾಗದಲ್ಲಿ 192.168.1.20 ಕಾಣುತ್ತಿತ್ತು. ಫೈರ್‌ವಾಲ್ ಪುಟದಲ್ಲಿ ನ್ಯಾಟ್ ಮಾಡಿಸೋ Masquerading ಟಿಕ್ ತೆಗೆದೆ. ಈಗ ಕಂಡದ್ದು ನನ್ನ ನಿಜವಾದ ವಿಳಾಸ, 192.168.50.112. ಅಂದರೆ ಪ್ಯಾಕೆಟ್ ಆರಾಮಾಗಿ ತಲುಪುತ್ತಿದೆ. ಉತ್ತರ ಮಾತ್ರ ಇಲ್ಲ.

ಇಲ್ಲಿ ಎರಡು ದಿನ ಹಾಳಾಯಿತು. ತಮ್ಮನ ವಿಂಡೋಸ್ ಫೈರ್‌ವಾಲ್ ಬೇರೆ ನೆಟ್‌ವರ್ಕಿನಿಂದ ಬಂದ ಪಿಂಗ್‌ಗೆ ಉತ್ತರವನ್ನೇ ಕೊಡುತ್ತಿರಲಿಲ್ಲ. ನಾನು ಸುಮ್ನೆ ರೌಟರ್ ಕೆದಕುತ್ತಿದ್ದೆ. ವೈರ್‌ಶಾರ್ಕ್‌ನಲ್ಲಿ ರಿಕ್ವೆಸ್ಟ್ ಮಾತ್ರ ಇದ್ದು ರಿಪ್ಲೈ ಸಾಲೇ ಇಲ್ಲದಿದ್ದರೆ ತಪ್ಪು ಆ ಲ್ಯಾಪ್‌ಟಾಪಿನದ್ದು. ರಿಪ್ಲೈ ಹೊರಟೂ ನನಗೆ ತಲುಪದಿದ್ದರೆ ತಪ್ಪಿರೋದು ದಾರಿಯಲ್ಲಿ.

ಫೈರ್‌ವಾಲ್ ಸರಿಮಾಡಿದ ಮೇಲೆ ರಿಪ್ಲೈ ಹೊರಟಿತು, ಆದರೂ ನನಗೆ ಬರಲಿಲ್ಲ. ಅವನ ಲ್ಯಾಪ್‌ಟಾಪಿಗೆ 192.168.50.x ಎಲ್ಲಿದೆ ಅಂತ ಗೊತ್ತಿಲ್ಲ, ಮನೆಯ ರೌಟರ್‌ಗೆ ಕೊಟ್ಟಿತು. ಅದಕ್ಕೂ ಗೊತ್ತಿಲ್ಲ, ಡೀಫಾಲ್ಟ್ ರೂಟ್ ಹಿಡಿದು ಹೊರಗೆ ಎಸೆಯಿತು. ತಮ್ಮನ ಲ್ಯಾಪ್‌ಟಾಪಿನಲ್ಲಿ ಅಡ್ಮಿನ್ ಆಗಿ ಇದನ್ನು ಹೊಡೆದೆ:

```
route add 192.168.50.0 mask 255.255.255.0 192.168.1.20
```

ಪಿಂಗ್ ತಕ್ಷಣ ಬಂತು! ಇಂಟರ್ನೆಟ್ ಮಾತ್ರ ಇನ್ನೂ ಇಲ್ಲ, ಏಕೆಂದರೆ ಮನೆಯ ರೌಟರ್‌ಗೆ ಆ ದಾರಿ ಇನ್ನೂ ತಿಳಿದಿರಲಿಲ್ಲ. ಅದರ ಸ್ಟಾಟಿಕ್ ರೂಟ್ ಪುಟದಲ್ಲೂ ಅದೇ ಮೂರು ಅಂಕಿ ತುಂಬಿದೆ, ಗೂಗಲ್‌ನ 8.8.8.8 ಉತ್ತರಿಸಿತು. ಕೆಲವು ಡಬ್ಬಗಳಲ್ಲಿ ಆ ಪುಟವೇ ಇರಲ್ಲ. ಇನ್ನು ಕೆಲವು ತಮ್ಮ ಸ್ವಂತ ನೆಟ್‌ವರ್ಕ್‌ಗೆ ಮಾತ್ರ ನ್ಯಾಟ್ ಮಾಡುತ್ತವೆ, ಅಲ್ಲಿ ರೂಟ್ ಹಾಕಿದರೂ ಸಾಲದು.

ಅದೇ ಜೋಡಣೆಯಲ್ಲಿ ಐಪಿ ವಿಳಾಸ ಹಂಚೋ ಡಿಎಚ್‌ಸಿಪಿಯನ್ನೂ ಆಡಿಸಿದೆ. ಲೀಸ್ ಅವಧಿಯನ್ನು 2 ನಿಮಿಷಕ್ಕೆ ಇಳಿಸಿ ಕಾಯುತ್ತಾ ಕೂತೆ. ಮೊದಲ ಸಲ ಡಿಸ್ಕವರ್, ಆಫರ್, ರಿಕ್ವೆಸ್ಟ್, ಆಕ್ ನಾಲ್ಕೂ ಬಂದವು. ಆಮೇಲೆ ಸರಿಯಾಗಿ ಅರ್ಧ ಅವಧಿಗೆ, ಅಂದರೆ 1 ನಿಮಿಷಕ್ಕೆ, ಬರೀ ರಿಕ್ವೆಸ್ಟ್ ಮತ್ತು ಆಕ್. ಅದೂ ಎಲ್ಲರಿಗೂ ಕೂಗಿ ಅಲ್ಲ, ನೇರ ಸರ್ವರ್‌ಗೇ. ಸರ್ವರ್ ಆಫ್ ಮಾಡಿ `ipconfig /release`, `ipconfig /renew` ಕೊಟ್ಟರೆ ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ತಾನೇ ಇಟ್ಟುಕೊಂಡ, 169.254ರಿಂದ ಶುರುವಾಗುವ ವಿಳಾಸ. ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡೋ ಡಿಎನ್‌ಎಸ್‌ಗೆ ಹೆಚ್ಚು ಹೊತ್ತು ಕೊಡಲಿಲ್ಲ. ಡಿಎಚ್‌ಸಿಪಿಯಿಂದ ಬೇಕಂತಲೇ ತಪ್ಪು ಡಿಎನ್‌ಎಸ್ ವಿಳಾಸ ಹಂಚಿಸಿದೆ. 8.8.8.8ಕ್ಕೆ ಪಿಂಗ್ ಹೋಗುತ್ತೆ, ಸೈಟ್ ತೆರೆಯಲ್ಲ. `nslookup` ಟೈಮ್‌ಔಟ್ ಅಂದರೆ ತಪ್ಪು ಡಿಎನ್‌ಎಸ್‌ನದ್ದು ಅಂತ ಅಲ್ಲಿಗೆ ಗೊತ್ತಾಯಿತು.

ನಾಲ್ಕನೇ ಇಂಟರ್‌ವ್ಯೂನಲ್ಲಿ ಇಬ್ಬರು ಕೂತಿದ್ದರು. "ಡಿಎಚ್‌ಸಿಪಿಯಲ್ಲಿ ಪ್ರತಿ ಸಲ ನಾಲ್ಕೂ ಮೆಸೇಜ್ ಹೋಗುತ್ತಾ?" ಅಂದರು. ರಿನ್ಯೂ ಆಗುವಾಗ ಎರಡೇ ಸರ್, ಅರ್ಧ ಲೀಸ್ ಕಳೆದಾಗ, ಅಂದೆ. ಆಮೇಲೆ ಅದೇ ಎರಡು ರೌಟರ್ ಪ್ರಶ್ನೆ ಬಂತು. ಪೆನ್ನು ಇಸ್ಕೊಂಡು, ಹೋಗುವ ಬಾಣ ಬಿಟ್ಟು ಬರೀ ವಾಪಸ್ ಬರುವ ಬಾಣ ಬರೆದೆ. "ಮೂರನೇ ರೌಟರ್ ಸೇರಿಸಿದರೆ?" ಅಂದರು. ದಾರಿಯಲ್ಲಿರೋ ಪ್ರತಿಯೊಂದಕ್ಕೂ ವಾಪಸ್ ದಾರಿ ಗೊತ್ತಿರಬೇಕು ಸರ್ ಅಂತ ಒಂದೊಂದರ ಪಕ್ಕ ರೂಟ್ ಬರೆದು ತೋರಿಸಿದೆ. ಆ ಹಾಳೆಯನ್ನು ಅವರು ಇಟ್ಟುಕೊಂಡರು.

ಕೊನೆಗೆ ನಾನು ಅವರಿಗೇ ಕೇಳಿದ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯಲ್ಲ, ತಮ್ಮನ ಇಂಟರ್‌ವ್ಯೂ ಮುಂದಿನ ತಿಂಗಳಿದೆ.