ಎರಡು ಬಾಹು, ನಡುವಿನ ಕೋನ: ಒಂದು ತ್ರಿಭುಜವನ್ನು ನಾನು ಅಳೆದ ಬಗೆ

ತ್ರಿಭುಜಾಕಾರದ ಆ ಜಾಗದಲ್ಲಿ ಮೂರನೆಯ ಬಾಹುವಿನ ಉದ್ದಕ್ಕೂ ನೀರು ನಿಂತಿದ್ದುದರಿಂದ ಅಲ್ಲಿ ಟೇಪು ಹಿಡಿಯುವಂತಿರಲಿಲ್ಲ. ಉಳಿದ ಎರಡು ಬಾಹುಗಳು ಸೇರುವ ಮೂಲೆಯಿಂದ ಮಾತ್ರ ಇನ್ನೆರಡು ಮೂಲೆಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಆ ಮೂಲೆಯನ್ನು A ಎಂದು ಗುರುತಿಸಿಕೊಂಡು, ಅಲ್ಲಿಂದ B ಮೂಲೆಗೆ 48 ಮೀಟರ್, C ಮೂಲೆಗೆ 35 ಮೀಟರ್ ಎಂದು ಅಳೆದೆ. ಬಳಿಕ A ಬಿಂದುವಿನ ಮೇಲೆ ಕೋನ ಅಳೆಯುವ ಉಪಕರಣವನ್ನು ನಿಲ್ಲಿಸಿ ಎರಡು ದಿಕ್ಕುಗಳ ನಡುವಿನ ಕೋನವನ್ನು ನೋಡಿದಾಗ 112° ಸಿಕ್ಕಿತು. ವಿಸ್ತೀರ್ಣಕ್ಕೆ ಈ ಮೂರು ಅಳತೆಗಳೇ ಸಾಕು.

ಯಾವುದೇ ತ್ರಿಭುಜದ ವಿಸ್ತೀರ್ಣ ಪಾದ ಮತ್ತು ಎತ್ತರದ ಗುಣಲಬ್ಧದ ಅರ್ಧ. AB ಬಾಹುವನ್ನು ಪಾದವೆಂದು ಇಟ್ಟುಕೊಂಡರೆ, C ಇಂದ ಆ ಗೆರೆಗೆ ಇಳಿಸಿದ ಲಂಬವೇ ಎತ್ತರ. A ಮತ್ತು B ಬಳಿಯ ಕೋನಗಳೆರಡೂ ಲಘುಕೋನಗಳಾಗಿದ್ದರೆ ಈ ಲಂಬವು ತ್ರಿಭುಜದ ಒಳಗೆ ಒಂದು ಲಂಬಕೋನ ತ್ರಿಭುಜವನ್ನು ರಚಿಸುತ್ತದೆ. ಅದರ ವಿಕರ್ಣ AC ಆಗಿರುವುದರಿಂದ ಎತ್ತರವು AC × sin A ಎಂದು ನೇರವಾಗಿ ಬರುತ್ತದೆ. ಸೂತ್ರದ ಹುಟ್ಟು ಇಷ್ಟೇ:

```
ವಿಸ್ತೀರ್ಣ = 1/2 × AB × AC × sin A
```

ಆದರೆ ನನ್ನ ಮುಂದಿದ್ದುದು ವಿಶಾಲಕೋನ. ಇಂತಹ ಕಡೆ C ಇಂದ ಇಳಿಸಿದ ಲಂಬ AB ಬಾಹುವಿನ ಮೇಲೆ ಬೀಳುವುದೇ ಇಲ್ಲ. BA ಗೆರೆಯನ್ನು A ದಾಟಿ ಹಿಂದಕ್ಕೆ ಬೆಳೆಸಿದಾಗ ಮಾತ್ರ ಅದಕ್ಕೆ ಬಂದು ಸೇರುತ್ತದೆ. ಆದ್ದರಿಂದ ನಾನು ಮೊದಲು ಕಾಗದದ ಮೇಲೆ ಚಿತ್ರ ಬರೆದು, ಬೆಳೆಸಿದ ಗೆರೆಯನ್ನು ಚುಕ್ಕೆಗಳಲ್ಲಿ ತೋರಿಸಿ, ಲಂಬವನ್ನು ಹೊರಗಡೆಯೇ ಎಳೆದೆ. ಆಗ ಹೊರಗೆ ಉಂಟಾಗುವ ಲಂಬಕೋನ ತ್ರಿಭುಜದಲ್ಲಿ A ಬಳಿ ಇರುವ ಕೋನ 180° − 112°, ಅಂದರೆ 68°. ಎತ್ತರವು 35 × sin 68°. ಪರಿಪೂರಕ ಕೋನಗಳೆರಡಕ್ಕೂ ಸೈನ್ ಬೆಲೆ ಒಂದೇ ಆಗಿರುವುದರಿಂದ sin 112° ಎಂದು ಬರೆದರೂ ಅದೇ ಎತ್ತರ ಬರುತ್ತದೆ, ಸೂತ್ರದಲ್ಲಿ ಒಂದಕ್ಷರವನ್ನೂ ಬದಲಿಸಬೇಕಿಲ್ಲ. ಲಂಬ ಒಳಗೆ ಬೀಳಲಿ, ಹೊರಗೆ ಬೀಳಲಿ, ಒಂದೇ ಸೂತ್ರ ಎರಡನ್ನೂ ಹೊರುತ್ತದೆ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

```
sin 112° = 0.92718
ಎತ್ತರ     = 35 × 0.92718 = 32.45 ಮೀ
ವಿಸ್ತೀರ್ಣ  = 1/2 × 48 × 35 × 0.92718
          = 840 × 0.92718 = 778.8 ಚದರ ಮೀ
```

ಇಲ್ಲಿ 840 ಎಂಬ ಸಂಖ್ಯೆಯನ್ನು ನಾನು ಬೇರೆಯಾಗಿ ಬರೆದಿಟ್ಟುಕೊಳ್ಳುತ್ತೇನೆ. ಇವೇ ಎರಡು ಬಾಹುಗಳು 90° ಕೋನದಲ್ಲಿ ಸೇರಿದ್ದರೆ ಸಿಗುತ್ತಿದ್ದ ವಿಸ್ತೀರ್ಣ ಅದು, ಮತ್ತು ಸೈನ್ ಬೆಲೆ 1ನ್ನು ಮೀರದ ಕಾರಣ ಉತ್ತರ ಎಂದಿಗೂ ಅದಕ್ಕಿಂತ ಹೆಚ್ಚಾಗಲಾರದು. ಕ್ಯಾಲ್ಕ್ಯುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿದ್ದರೆ ಇದೇ ಲೆಕ್ಕಕ್ಕೆ ಋಣ ಸಂಖ್ಯೆ ಬರುತ್ತದೆ, ಆದ್ದರಿಂದ ತಪ್ಪು ತಾನಾಗಿಯೇ ಕಾಣುತ್ತದೆ. ಗ್ರೇಡಿಯನ್‌ನಲ್ಲಿದ್ದರೆ 825 ಬರುತ್ತದೆ. ಅದು ನಂಬುವಂತೆಯೇ ಇರುವುದರಿಂದ ಹೆಚ್ಚು ಅಪಾಯಕಾರಿ. ಲೆಕ್ಕಕ್ಕೆ ಮೊದಲು sin 30 ಒತ್ತಿ 0.5 ಬರುವುದನ್ನು ನೋಡಿಕೊಂಡರೆ ಎರಡೂ ತೊಂದರೆಗಳು ತಪ್ಪುತ್ತವೆ.

ಉತ್ತರವನ್ನು ಇನ್ನೊಂದು ದಾರಿಯಿಂದಲೂ ಪರೀಕ್ಷಿಸಿದೆ. ಕೊಸೈನ್ ನಿಯಮದಂತೆ BC² = 48² + 35² − 2 × 48 × 35 × cos 112°. ಇಲ್ಲಿ cos 112° ಋಣ ಸಂಖ್ಯೆಯಾದ್ದರಿಂದ ಕೊನೆಯ ಪದ ಕೂಡುತ್ತದೆ, ಮತ್ತು BC 69.19 ಮೀಟರ್ ಆಗುತ್ತದೆ. ಮೂರು ಬಾಹುಗಳನ್ನು ಹೆರಾನ್ ಸೂತ್ರಕ್ಕೆ ಹಾಕಿದಾಗಲೂ 778.8 ಚದರ ಮೀಟರ್ ಬಂದಿತು. ಇದರಿಂದ ಗುಣಾಕಾರ ಸರಿಯಾಗಿದೆ ಎಂದಷ್ಟೇ ತಿಳಿಯುತ್ತದೆ. BC ಕೂಡ ಅದೇ ಕೋನದಿಂದ ಹುಟ್ಟಿದ್ದರಿಂದ, ಕೋನವನ್ನೇ ತಪ್ಪಾಗಿ ಓದಿದ್ದರೆ ಎರಡು ಲೆಕ್ಕಗಳೂ ಒಟ್ಟಿಗೆ ತಪ್ಪುತ್ತಿದ್ದವು.

ಹಾಗಾಗಿ ಕೋನದ ಅಳತೆಯಲ್ಲಿ ಒಂದು ಡಿಗ್ರಿ ವ್ಯತ್ಯಾಸವಾದರೆ ಏನಾಗುತ್ತದೆ ಎಂಬುದನ್ನೂ ನೋಡಿದೆ. 112° ಬದಲು 113° ಎಂದು ಓದಿದ್ದರೆ ವಿಸ್ತೀರ್ಣ 773.2 ಆಗುತ್ತಿತ್ತು; ಅಂದರೆ ಐದೂವರೆ ಚದರ ಮೀಟರಿನಷ್ಟು ಕಡಿಮೆ. ಸೈನ್ ಬೆಲೆಯು 90°ಯ ಆಸುಪಾಸಿನಲ್ಲಿ ಬಹಳ ನಿಧಾನವಾಗಿ ಬದಲಾಗುತ್ತದೆ, 0° ಅಥವಾ 180°ಯ ಕಡೆಗೆ ಸರಿದಂತೆ ವೇಗವಾಗಿ ಬದಲಾಗುತ್ತದೆ. ನಮ್ಮ ತ್ರಿಭುಜದಲ್ಲಿ B ಬಳಿಯ ಕೋನ ಸುಮಾರು 28°. ನೀರಿಲ್ಲದ ಸಮಯದಲ್ಲಿ AB ಮತ್ತು BC ಬಾಹುಗಳನ್ನು ಅಳೆದು ಆ ಮೂಲೆಯಿಂದ ಲೆಕ್ಕ ಹಾಕಿದರೂ ವಿಸ್ತೀರ್ಣ ಅದೇ ಬರುತ್ತದೆ, ಆದರೆ ಅಲ್ಲಿ ಒಂದು ಡಿಗ್ರಿ ಹೆಚ್ಚಾಗಿ ಓದಿದರೆ ಉತ್ತರ ಸುಮಾರು 25 ಚದರ ಮೀಟರಿನಷ್ಟು ಏರುತ್ತದೆ. ಮೂರು ಮೂಲೆಗಳಿಗೂ ಹೋಗಲು ಸಾಧ್ಯವಿರುವ ಜಾಗಗಳಲ್ಲಿ ನಾನು ಉಪಕರಣವನ್ನು 90°ಗೆ ಅತಿ ಸಮೀಪದ ಕೋನವಿರುವ ಮೂಲೆಯಲ್ಲಿಯೇ ನಿಲ್ಲಿಸುವುದು ಇದೇ ಕಾರಣಕ್ಕೆ.