ಸೆಪ್ಟಿಕ್ ಟ್ಯಾಂಕಿನ ಗ್ಯಾಸ್ ಪೈಪಿಗೆ ನೆಟ್ ಕಟ್ಟಿ ಮಾರಾಯ್ರೆ

ಕುಂಬಳೆ ಕಡೆಯವರೆಲ್ಲ ಒಮ್ಮೆ ನೋಡಿ. ನಮ್ಮಲ್ಲಿ ತೊಟ್ಟಿ, ಚಿರಟೆ ಎಲ್ಲ ಕವುಚಿ ಹಾಕಿದ್ರೂ ರಾತ್ರಿ ಸೊಳ್ಳೆ ಕಮ್ಮಿಯೇ ಆಗ್ಲಿಲ್ಲ, ಯಾಕೆಂದ್ರೆ ರಾತ್ರಿ ಕಚ್ಚುವ ಕ್ಯೂಲೆಕ್ಸ್ ಸೊಳ್ಳೆಗೆ ಕೊಳಕು ನೀರೇ ಇಷ್ಟ, ಆನೆಕಾಲು ರೋಗ ಹರಡುವುದು ಇದೇ. ಒಂದು ಸಂಜೆ ಹೊತ್ತು ಮುಳುಗುವಾಗ ಸೆಪ್ಟಿಕ್ ಟ್ಯಾಂಕಿನ ಗ್ಯಾಸ್ ಪೈಪಿನ ಬಾಯಿಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಸಡಿಲಕ್ಕೆ ಕಟ್ಟಿ ಬಿಟ್ಟೆ, ಬೆಳಿಗ್ಗೆ ನೋಡಿದ್ರೆ ಒಳಗೆ ಕಪ್ಪು ಕಪ್ಪಾಗಿ ಸೊಳ್ಳೆ ತುಂಬಿತ್ತು. ಚೀಲ ಕೂಡ್ಲೇ ತೆಗೀಬೇಕು, ಗ್ಯಾಸ್ ಹೊರಗೆ ಹೋಗ್ಲೇಬೇಕು.

ಕಿಟಕಿಗೆ ಹಾಕುವ ಸಣ್ಣ ಕಣ್ಣಿನ ನೈಲಾನ್ ನೆಟ್ ಒಂದು ಗೇಣು ಚೌಕ ಕತ್ತರಿಸಿ ಪೈಪಿನ ಬಾಯಿ ಮೇಲೆ ಬಿಗಿಯಾಗಿ ಎಳೆದು ಎರಡು ಸುತ್ತು ಕೇಬಲ್ ಟೈ ಹಾಕಿ. ಕಬ್ಬಿಣದ ಜಾಲಿ ಬೇಡ, ಒಳಗಿನ ಗ್ಯಾಸಿಗೂ ಮಳೆಗೂ ತುಕ್ಕು ಹಿಡಿದು ತೂತಾಗ್ತದೆ. ಬಟ್ಟೆಯೂ ಬೇಡ, ಗಾಳಿ ಆಡುವುದಿಲ್ಲ. ನೈಲಾನೂ ಬಿಸಿಲಿಗೆ ಹರೀತದೆ, ಹಾಗಾಗಿ ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಬೆರಳಿಂದ ಒತ್ತಿ ನೋಡಿ.

ನೆಟ್ ಕಟ್ಟಿಯೂ ಸೊಳ್ಳೆ ಬಂದ್ರೆ ಟ್ಯಾಂಕಿನ ಮುಚ್ಚಳದ ಸಂದು ನೋಡಿ, ಸಿಮೆಂಟ್ ಬಿರುಕು ಬಿಟ್ಟಿರ್ತದೆ, ನಮ್ಮಲ್ಲಿ ಅದೇ ಆಗಿತ್ತು. ಆಮೇಲೆ ಅಡುಗೆಮನೆ ನೀರು ಹೋಗುವ ಚರಂಡಿ. ಕಟ್ಟಿಕೊಂಡ ನೀರಲ್ಲಿ ಮರಿ ತಲೆ ಕೆಳಗಾಗಿ ನೇತಾಡ್ತಾ ಇದ್ರೆ ಅದೇ. ಮೊಟ್ಟೆಯಿಂದ ಸೊಳ್ಳೆ ಆಗ್ಲಿಕ್ಕೆ ಹತ್ತು ದಿನದ ಆಚೀಚೆ ಸಾಕು, ಹಾಗಾಗಿ ವಾರಕ್ಕೊಮ್ಮೆ ಕೆಸರು ಎಳೆದು ನೀರು ಹರಿಯುವ ಹಾಗೆ ಮಾಡಿ.