ಅಜ್ಜಿಯ ಬಳೆ, ಅಪ್ಪನ ಗ್ರಾಂ ಲೆಕ್ಕ: ಎಂಟನೇ ಕ್ಲಾಸಿಗೆ ಅನೇಕಾಂತ ಕಲಿಸಿದ್ದು

ಒಂದೇ ವಸ್ತುವಿಗೆ ಹಲವು ಮುಖ ಇರುತ್ತವೆ, ಯಾವ ಮುಖದ ಲೆಕ್ಕದಲ್ಲಿ ಅಂತ ಹೇಳಿಯೇ ಮಾತಾಡಬೇಕು ಅನ್ನೋ ಜೈನರ ಅನೇಕಾಂತವಾದ ಎಂಟನೇ ಕ್ಲಾಸಿನ ಮಕ್ಕಳಿಗೆ ತಲೆಗೆ ಹತ್ತೋದಿಲ್ಲ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ರಾಗ. "ತ್ರಿರತ್ನ, ಪಂಚವ್ರತ ಬರೆಸಿ ಮುಂದೆ ಹೋಗಿ ಮೇಷ್ಟ್ರೇ, ಪೋರ್ಷನ್ ಮುಗೀಬೇಕಲ್ಲ" ಅಂತ ಹಿರಿಯರೊಬ್ಬರು ಬುದ್ಧಿ ಹೇಳಿದ್ದರು. ಈ ವರ್ಷ ಅವರೇ ಬಂದು ನನ್ನ ಚೀಟಿಗಳನ್ನು ಇಸ್ಕೊಂಡು ಹೋಗಿದ್ದಾರೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಆನೆ ಮತ್ತು ಕುರುಡರ ಕಥೆ. ಕೈಯಿಂದ ದುಡ್ಡು ಹಾಕಿ ದೊಡ್ಡ ಫ್ಲೆಕ್ಸ್ ಮಾಡಿಸಿದೆ, ಒಂಬೈನೂರೋ ಸಾವಿರವೋ ಆಯ್ತು. ಮಕ್ಕಳು ಚೆನ್ನಾಗಿ ನಕ್ಕರು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಾಟಕ ಆಡಿದರು. ಕೊನೆಗೆ ಏನು ತಿಳಿಯಿತು ಅಂತ ಕೇಳಿದರೆ "ಎಲ್ಲಾರೂ ಹೇಳೋದು ಸರಿ ಸಾರ್" ಅಂದರು. ಅಲ್ಲಿಗೆ ಪಾಠ ಕೆಟ್ಟಿತು ಅಂತಲೇ ಅರ್ಥ. ಕಂಬ ಅಂದವನೂ ಹಗ್ಗ ಅಂದವನೂ ಆನೆಯ ವಿಷಯದಲ್ಲಿ ಸರಿ ಅಲ್ಲ, ಕಾಲಿನ ಮಟ್ಟಿಗೆ, ಬಾಲದ ಮಟ್ಟಿಗೆ ಅಷ್ಟೇ ಸರಿ. ಆ 'ಮಟ್ಟಿಗೆ' ಅನ್ನೋದನ್ನು ಕಥೆಯೊಳಗೆ ಯಾರೂ ಬಾಯಿಬಿಟ್ಟು ಹೇಳೋದೇ ಇಲ್ಲ. ಸಾಲದ್ದಕ್ಕೆ ಪೂರ್ತಿ ಆನೆ ಕಾಣುವ ಒಬ್ಬ ಬೇಕು. ಜೈನ ದರ್ಶನದಲ್ಲಿ ಆ ಜಾಗದಲ್ಲಿ ಎಲ್ಲವನ್ನೂ ಪೂರ್ತಿ ಅರಿತ ಕೇವಲಜ್ಞಾನಿ ಇದ್ದಾರೆ, ಸರಿ. ಕ್ಲಾಸಿನಲ್ಲಿ ಆ ಕುರ್ಚಿ ಮೇಷ್ಟ್ರ ಪಾಲಾಗುತ್ತದೆ, ಮಕ್ಕಳು ಬಾಯಿ ಮುಚ್ಚಿ ಕೂರುತ್ತಾರೆ. (ಈ ಕಥೆ ಬೌದ್ಧರ ಉದಾನ ಅನ್ನೋ ಗ್ರಂಥದಲ್ಲೂ ಇದೆ, ಜೈನರದ್ದೇ ಸ್ವಂತ ಅಂತ ಬರೆಸಬೇಡಿ.) ಫ್ಲೆಕ್ಸ್ ಈಗ ಸೈಕಲ್ ಸ್ಟ್ಯಾಂಡಿನಲ್ಲಿ ಮಳೆಗೆ ಅಡ್ಡ ಕಟ್ಟಿದೆ.

ಆಮೇಲೆ ಆನೆ ಬಿಟ್ಟು ಮನೆ ಜಗಳ ಹಿಡಿದೆ. ಬೈಕ್ ಕೇಳಿದರೆ "ನೀನಿನ್ನೂ ಚಿಕ್ಕವನು", ಹಾಲು ತರಲ್ಲ ಅಂದರೆ "ಇಷ್ಟು ದೊಡ್ಡವನಾಗಿದ್ದೀಯ, ಗೊತ್ತಾಗಲ್ವಾ?" ಇದನ್ನು ಕೇಳದ ಮಗು ನಮ್ಮೂರಲ್ಲಿ ಇಲ್ಲ. ಬೋರ್ಡಿನ ಮೇಲೆ ಎರಡೂ ಮಾತು ಬರೆದು, ಹಳೇ ಉತ್ತರ ಪತ್ರಿಕೆಗಳ ಹಿಂಬದಿಯಲ್ಲಿ ಮಾಡಿದ ಚೀಟಿ ಹಂಚಿದೆ. ಖರ್ಚು ಸೊನ್ನೆ. ಚೀಟಿಯಲ್ಲಿ ನಾಲ್ಕೇ ಪ್ರಶ್ನೆ: ಯಾವ ವಸ್ತು, ಯಾವ ಜಾಗ, ಯಾವ ಹೊತ್ತು, ಯಾವ ಸ್ಥಿತಿ. ದ್ರವ್ಯ, ಕ್ಷೇತ್ರ, ಕಾಲ, ಭಾವ ಅಂತ ಗ್ರಂಥಗಳಲ್ಲಿ ಬರುವುದು ಇವೇ, ಆದರೆ ಆ ಹೆಸರುಗಳನ್ನು ಮಕ್ಕಳಿಗೆ ಕೊನೇ ದಿನದವರೆಗೂ ಹೇಳಲಿಲ್ಲ. ಒಂದು ಮಾತು ಹೇಳಬೇಕಾದರೆ ಯಾವ ಲೆಕ್ಕದಲ್ಲಿ ಅಂತ ಚೀಟಿ ತುಂಬಬೇಕು. 'ಇರಬಹುದು' ಅನ್ನೋ ಹಾಗಿಲ್ಲ. ಲೈಸೆನ್ಸಿನ ಲೆಕ್ಕದಲ್ಲಿ ಚಿಕ್ಕವನು, ಹಾಲಿನ ಕ್ಯಾನ್ ಹೊರುವ ಲೆಕ್ಕದಲ್ಲಿ ದೊಡ್ಡವನು. ಎರಡೂ ಗಟ್ಟಿ ಮಾತೇ, ಅನುಮಾನದ ಮಾತಲ್ಲ.

ಚೀಟಿಯ ನಿಜವಾದ ತಾಕತ್ತು ಗೊತ್ತಾಗಿದ್ದು ಒಬ್ಬ ತರಲೆ ಹುಡುಗನಿಂದ. ಟೆಸ್ಟಿನಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವನು "ನಿಮ್ಮ ದೃಷ್ಟಿಯಲ್ಲಿ ಕಾಪಿ ಸಾರ್, ನನ್ನ ದೃಷ್ಟಿಯಲ್ಲಿ ಅಲ್ಲ, ನೀವೇ ಹೇಳಿಕೊಟ್ಟಿದ್ದಲ್ವಾ" ಅಂದ. ಕ್ಲಾಸೆಲ್ಲ ಗೊಳ್ ಅಂತು. ಬೈಯದೆ ಎರಡು ಚೀಟಿ ಕೊಟ್ಟೆ, ಒಂದು 'ಹೊಡೆದೆ' ಅನ್ನೋದಕ್ಕೆ, ಇನ್ನೊಂದು 'ಹೊಡೆದಿಲ್ಲ' ಅನ್ನೋದಕ್ಕೆ. ತುಂಬುತ್ತಾ ಹೋದ. ಅದೇ ಪೇಪರು, ಅದೇ ರೂಮು, ಅದೇ ಪೀರಿಯಡ್ಡು, ಅದೇ ಮೂರನೇ ಪ್ರಶ್ನೆ. ನಾಲ್ಕೂ ಕಡೆ ಒಂದೇ ಉತ್ತರ. ಆಗ ಹಿಂದಿನ ಬೆಂಚಿನ ಹುಡುಗಿ "ಹಂಗಾದ್ರೆ ಎರಡರಲ್ಲಿ ಒಂದು ಸುಳ್ಳು ಸಾರ್" ಅಂದಳು. ಯಾವ ಲೆಕ್ಕದಲ್ಲಿ ಅಂತ ಹೇಳಿಯೇ ಮಾತಾಡುವ ಈ ಕ್ರಮಕ್ಕೆ ಸ್ಯಾದ್ವಾದ ಅಂತ ಹೆಸರು, ಅದರ ಗಡಿ ಇದೇ. ಒಂದೇ ಅಪೇಕ್ಷೆಯಿಂದ, ಅಂದರೆ ಒಂದೇ ಲೆಕ್ಕದಲ್ಲಿ, ಹೌದು ಮತ್ತು ಅಲ್ಲ ಎರಡೂ ಆಗೋದಿಲ್ಲ. ಕಾಪಿಯೇ ಆಗಬೇಕಿಲ್ಲ, ಇಂಥದ್ದೊಂದು ಸೋಲುವ ಉದಾಹರಣೆ ಇಲ್ಲದೆ ಈ ಪಾಠ ಮಾಡಲೇಬೇಡಿ. ಇಲ್ಲದಿದ್ದರೆ ಮಕ್ಕಳು ಇದನ್ನು ತಪ್ಪಿಸಿಕೊಳ್ಳುವ ದಾರಿ ಮಾಡಿಕೊಳ್ಳುತ್ತಾರೆ.

ಒಂದು ವಿಷಯವನ್ನು ಏಳು ಬಗೆಯಲ್ಲಿ ಹೇಳುವ ಸಪ್ತಭಂಗಿ ಕಷ್ಟ ಅಂತ ಬಿಡುವವರೇ ಜಾಸ್ತಿ. ಕಷ್ಟ ಇರೋದು ನಾಲ್ಕನೆಯದರಲ್ಲಿ ಮಾತ್ರ, ಅವಕ್ತವ್ಯ, ಅಂದರೆ ಹೇಳಲಾಗದು. "ದೊಡ್ಡವನೋ ಚಿಕ್ಕವನೋ, ಎರಡೂ ಲೆಕ್ಕ ಸೇರಿಸಿ ಒಂದೇ ಪದದಲ್ಲಿ, ಒಂದೇ ಸಲಕ್ಕೆ ಹೇಳಿ" ಅಂದೆ. ತಿಣುಕಿದರು. ಒಬ್ಬ "ಮಧ್ಯಮ" ಅಂದ, ಅದು ಮೂರನೇ ಮಾತಾಯಿತೇ ಹೊರತು ಎರಡೂ ಆಗಲಿಲ್ಲ. ಹೇಳಲಾಗದು ಅನ್ನೋದೂ ಒಂದು ಉತ್ತರವೇ ಅಂತ ಆಗ ಒಪ್ಪಿದರು. ಇದೆ, ಇಲ್ಲ, ಹೇಳಲಾಗದು ಈ ಮೂರು ಸಿಕ್ಕ ಮೇಲೆ ಗಣಿತದ ಮೇಡಂ ಕೈಗೆ ಕೊಟ್ಟೆ. ಒಂಟಿಯಾಗಿ ಮೂರು, ಜೋಡಿ ಮೂರು, ಮೂರೂ ಕೂಡಿ ಒಂದು. ಏಳೇ ಯಾಕೆ, ಎಂಟು ಯಾಕಿಲ್ಲ ಅನ್ನೋದಕ್ಕೆ ಮಕ್ಕಳೇ ಉತ್ತರ ಬರೆದರು.

ನನಗೆ ಹೆಮ್ಮೆ ಇರೋದು ಬಳೆಯ ಪಾಠದ ಮೇಲೆ. ಜೈನ ದಾರ್ಶನಿಕ ಸಮಂತಭದ್ರ ಆಚಾರ್ಯರ ಆಪ್ತಮೀಮಾಂಸೆಯಲ್ಲಿ ಒಂದು ಶ್ಲೋಕ ಇದೆ. ಚಿನ್ನದ ಕೊಡ ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನವಷ್ಟೇ ಬೇಕಿದ್ದವನಿಗೆ ಎರಡೂ ಇಲ್ಲ. ನಾಶ, ಹುಟ್ಟು, ಉಳಿಯುವಿಕೆ ಮೂರೂ ಒಂದೇ ಸಲಕ್ಕೆ. ಕೊಡ ಕಿರೀಟ ನಮ್ಮ ಮಕ್ಕಳು ಕಂಡಿಲ್ಲ. ಅಜ್ಜಿಯ ಬಳೆ ಕರಗಿಸಿ ಮೊಮ್ಮಗಳಿಗೆ ಸರ ಮಾಡಿಸೋದನ್ನು ಕಂಡಿದ್ದಾರೆ. ಅಜ್ಜಿ, ಮೊಮ್ಮಗಳು, ಗ್ರಾಂ ಲೆಕ್ಕ ಹಾಕುವ ಅಪ್ಪ, ಮೂರು ಜನರನ್ನು ನಿಲ್ಲಿಸಿ ಮಾತಾಡಿಸಿದೆ. ಆ ಮೂವರನ್ನು ಹೇಗೆ ಆರಿಸುತ್ತೇನೆ ಅನ್ನೋದನ್ನು ಇಲ್ಲಿ ಹೇಳಲ್ಲ, ಅರ್ಧ ಗುಟ್ಟು ಅದರಲ್ಲೇ ಇದೆ. ಬೇಕಾದವರು ಸಮಾಲೋಚನಾ ಸಭೆಯಲ್ಲಿ ಕೇಳಿ.

ಚಿನ್ನ ತರೋಕೆ ಆಗುತ್ತಾ, ಮೇಣದ ಬತ್ತಿ ತಂದೆ, ನಲವತ್ತು ರೂಪಾಯಿ ಇರಬೇಕು. ಲ್ಯಾಬಿನ ಸ್ಪಿರಿಟ್ ದೀಪದ ಮೇಲೆ ಡಬ್ಬಿಯಲ್ಲಿ ಕರಗಿಸಿ ಹಣತೆಗೆ ಹೊಯ್ದೆ. ಮೊದಲ ಸಲ ಬಿಸಿ ಜಾಸ್ತಿಯಾಗಿ ಹೊಗೆ ಎದ್ದು, ಎಚ್ ಎಂ ಓಡಿ ಬಂದರು. ಆಮೇಲಿಂದ ಡಬ್ಬಿಯನ್ನು ಬಿಸಿನೀರಿನೊಳಗೆ ಇಟ್ಟೇ ಕರಗಿಸುತ್ತೇನೆ. ಮುಂಚೆ ತೂಗಿದಾಗ ಐವತ್ತು ಗ್ರಾಂ ಹತ್ತಿರ ಇತ್ತು, ಆಮೇಲೆ ಎರಡು ಮೂರು ಗ್ರಾಂ ಕಮ್ಮಿ. ಡಬ್ಬಿಗೆ ಅಂಟಿತ್ತು. ಅಪ್ಪನ ಪಾತ್ರದ ಹುಡುಗ ಥಟ್ಟನೆ "ವೇಸ್ಟೇಜ್ ಹೋಯ್ತಲ್ಲ ಸಾರ್, ನಂಗ್ಯಾಕೆ ಬೇಜಾರಿಲ್ಲ?" ಅಂದ. ಅವರ ಮಾವ ಅಕ್ಕಸಾಲಿಗ ಅಂತ ಆಮೇಲೆ ಗೊತ್ತಾಯಿತು.

ಉತ್ತರ ಅಲ್ಲೇ ಇತ್ತು. ಚಿನ್ನ ಹಾಗೇ ಉಳಿಯಿತು ಅನ್ನೋ ಮಾತಿಗೂ ಚೀಟಿ ತುಂಬಬೇಕು. ಲೋಹದ ಲೆಕ್ಕದಲ್ಲಿ ಉಳಿಯಿತು, ಕೈಗೆ ಬಂದ ತೂಕದ ಲೆಕ್ಕದಲ್ಲಿ ಉಳಿಯಲಿಲ್ಲ. ಸಮಂತಭದ್ರರೇ ಸ್ವಯಂಭೂ ಸ್ತೋತ್ರದಲ್ಲಿ ಅನೇಕಾಂತವೂ ಅನೇಕಾಂತವೇ, ಅಂದರೆ ಅದಕ್ಕೂ ಯಾವ ಲೆಕ್ಕ ಅಂತ ಹೇಳಬೇಕು, ಅಂದಿದ್ದಾರೆ. ಆ ಸಾಲನ್ನು ನಾನು ವರ್ಷಗಟ್ಟಲೆ ಓದಿದ್ದೆ, ಅದಕ್ಕೆ ಉದಾಹರಣೆ ಕೊಟ್ಟಿದ್ದು ಈ ಹುಡುಗ.

ಒಟ್ಟು ನಾಲ್ಕು ಪೀರಿಯಡ್ ಸಾಕು. ನಲವತ್ತು ಚಿಲ್ಲರೆ ಮಕ್ಕಳಲ್ಲಿ ಮೂವತ್ತರ ಮೇಲೆ ಹೊಸ ಮಾತೊಂದಕ್ಕೆ ತಾವೇ ಲೆಕ್ಕ ಹೆಸರಿಸಿ ಬರೆದರು. ಉಳಿದವರು ಇನ್ನೂ 'ಅವರವರ ದೃಷ್ಟಿ' ಅಂತಲೇ ಬರೆದು ಕೈತೊಳೆದುಕೊಂಡಿದ್ದಾರೆ, ಅದಕ್ಕೆ ನಾನು ಅಂಕ ಕೊಡೋದಿಲ್ಲ. ಊರ ಜಾತಿ ಜಗಳ, ಹಬ್ಬದ ಜಗಳಕ್ಕೆ ಚೀಟಿ ತರಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ, ಎಂಟನೇ ಕ್ಲಾಸಿಗೆ ಅದು ಭಾರ. ಹತ್ತನೆಯವರಿಗೆ ಒಮ್ಮೆ ಮಾಡಿ ನೋಡಿದೆ, "ಎಷ್ಟು ಮಾರ್ಕ್ಸಿಗೆ ಬರುತ್ತೆ ಸಾರ್" ಅಂದರು, ಅಲ್ಲಿಗೇ ಬಿಟ್ಟೆ.